ಹೆಲ್ಮೆಟ್ ಪ್ರಹಸನ: ಮೊದಲು ನಗಿಸಿ, ಆಮೇಲೆ ಹೇಳಿ

ಹೆಲ್ಮೆಟ್ ನಾಟಕ ಅಂದರೆ ಸಾಕು, ತಲೆಗೆ ಬ್ಯಾಂಡೇಜ್ ಸುತ್ತಿಕೊಂಡವನು ಮೊದಲ ದೃಶ್ಯದಲ್ಲೇ ಹಾಜರ್. ಮುಂದಿನದು ಎಲ್ಲರಿಗೂ ಅಲ್ಲೇ ಗೊತ್ತಾಗಿಬಿಡುತ್ತದೆ. ಎಂಟು ನಿಮಿಷದ ಪ್ರಹಸನವಾದರೆ ಏಳು ನಿಮಿಷ ಬುದ್ಧಿಮಾತಿನ ವಾಸನೆಯೂ ಬರಬಾರದು.

ಮೊದಲು ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. 'ಹೆಲ್ಮೆಟ್ ಹಾಕಿ' ಅನ್ನೋದು ಕೇಳಿ ಕೇಳಿ ಸವೆದ ಮಾತು. ಹಾಕಿಕೊಂಡೂ ಸ್ಟ್ರ್ಯಾಪ್ ಬಿಗಿಯದವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ಅವರನ್ನೇ ಹಿಡಿಯಿರಿ. ಸವಾರ ಬಿದ್ದ ಹೊತ್ತಿನಲ್ಲಿ ಬಿಗಿಯದ ಹೆಲ್ಮೆಟ್ ತಲೆಯಿಂದ ಕಳಚಿ ಹಾರಿಹೋಗಬಹುದು. ಇಡೀ ನಾಟಕ ನಿಂತಿರುವುದು ಇದರ ಮೇಲೆ.

ಪಾತ್ರ ಎರಡೇ: ಸವಾರ, ಅವನ ಗೆಳೆಯ. ಬೈಕ್ ಬೇಡ, ಕೈಯಲ್ಲಿ ಹ್ಯಾಂಡಲ್ ಹಿಡಿದಂತೆ ನಟಿಸಿ ಬಾಯಲ್ಲಿ ಸದ್ದು ಮಾಡಿದರಾಯಿತು. ಗೆಳೆಯ ಹೇಳುತ್ತಾನೆ, "ಸ್ಟ್ರ್ಯಾಪ್ ಹಾಕ್ಕೊಳೋ." ಇವನು, "ಇಲ್ಲೇ ಪಕ್ಕದ ಬೀದಿಗೆ ಕಣೋ!" ಎಂದು ಹೊರಡುತ್ತಾನೆ. ಒಳಗಿಂದ ಬ್ರೇಕಿನ ಸದ್ದು. ಹೆಲ್ಮೆಟ್ ಒಂದೇ ಉರುಳುತ್ತಾ ರಂಗಕ್ಕೆ ಬರುತ್ತದೆ. ಹಿಂದೆಯೇ ಸವಾರ ಓಡಿಬಂದು, "ನನ್ನ ಬಿಟ್ಟು ಎಲ್ಲಿಗೆ ಹೊರಟೆ?" ಎಂದು ಅದಕ್ಕೇ ಬೈಯುತ್ತಾನೆ. ಎರಡನೇ ಸಲ ನೆಪ ಬೇರೆ, "ಕತ್ತು ಕೆರೆಯುತ್ತೆ." ಈಗ ಜಗಳ ಇನ್ನೂ ಜೋರು. ಮುನಿಸಿಕೊಂಡ ಹೆಲ್ಮೆಟ್‌ಗೆ ಅವನು ಬಾಚಣಿಗೆ ಹಿಡಿದು ಸಮಾಧಾನ ಮಾಡಲಿ. ನಗಿಸಲು ಇಲ್ಲಿ ಧಾರಾಳವಾಗಿ ಸಮಯ ತೆಗೆದುಕೊಳ್ಳಿ.

ಮೂರನೇ ಸಲವೂ ಹೆಲ್ಮೆಟ್ ಉರುಳಿ ಬರುತ್ತದೆ. ಜನ ರೂಢಿಯಂತೆ ನಗುತ್ತಾರೆ. ಗೆಳೆಯನೂ ನಗುತ್ತಾ ಕಾಯುತ್ತಾನೆ. ಯಾರೂ ಬರುವುದಿಲ್ಲ. ಗೆಳೆಯ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ನಗುದನಿಯಲ್ಲೇ ಕರೆಯಬೇಕು. ಎರಡನೇ ಕರೆಯಲ್ಲಿ ನಗು ಇರಬಾರದು. ಆಮೇಲೆ ಹೆಲ್ಮೆಟ್ ಎತ್ತಿ ಬಕಲ್ ಹಾಕಿ, ಆ 'ಟಕ್' ಎಲ್ಲರಿಗೂ ಕೇಳಿಸಿ, ಒಂದೇ ಮಾತು: "ಇಷ್ಟೇ ಇದ್ದಿದ್ದು ಕಣೋ." ಭಾಷಣ, ಘೋಷಣೆ ಏನೂ ಬೇಡ. ಸಾವೋ ಗಾಯವೋ ಎಂದು ಹೇಳುವುದೂ ಬೇಡ.

ಅಭ್ಯಾಸದಲ್ಲಿ ತೊಂದರೆ ಕೊಡುವುದು ಹೆಲ್ಮೆಟ್ ಉರುಳಿಸುವ ಕೆಲಸವೇ. ಅದು ಚೆಂಡಿನಂತೆ ನೇರ ಹೋಗದು, ಓಲಾಡಿ ಪಕ್ಕಕ್ಕೆ ತಿರುಗುತ್ತದೆ. ವೈಸರ್ ಬಿಚ್ಚಿ, ಮಗ್ಗುಲಿಗೆ ಮಲಗಿಸಿ ಮೆಲ್ಲಗೆ ತಳ್ಳಿ ನೋಡಿ. ಇದಕ್ಕೆ ಹಳೇ ಹೆಲ್ಮೆಟ್ ಬಳಸಿ, ಆಮೇಲೆ ರಸ್ತೆಗೆ ಒಯ್ಯಬೇಡಿ. ಒಳಗಿನ ಥರ್ಮಾಕೋಲ್‌ನಂಥ ಪದರ ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ.

ಕಥೆ ಗೊತ್ತಿಲ್ಲದ ಒಬ್ಬರಿಗೆ ಮೊದಲೇ ತೋರಿಸಿ. ಮೂರನೇ ಸಲ ಅವರ ನಗು ನಿಲ್ಲದಿದ್ದರೆ ಗೆಳೆಯ ಅವಸರ ಮಾಡಿದ್ದಾನೆ ಎಂದೇ ಅರ್ಥ. ಐದನ್ನು ಎಂಟು ಮಾಡಿ. ಇನ್ನು ಸವಾರ ಪರದೆಯ ಅಂಚಿನಿಂದ ಇಣುಕದಂತೆ ನೋಡಿಕೊಳ್ಳಿ. ಚಪ್ಪಾಳೆ ಬಿದ್ದ ಕೂಡಲೇ ಹಲ್ಲು ಕಿರಿಯುತ್ತಾ ಬಂದರೆ ಕಟ್ಟಿದ್ದೆಲ್ಲ ಹೋಯಿತು.