ಹಿತ್ತಾಳೆ ದೀಪ, ತಾಮ್ರದ ಪಾತ್ರೆ ಅಸಲಿಯೇ? ತೂಕ, ನಾದ, ಕಲಾಯಿ ನೋಡಿ ತಿಳಿಯುವುದು ಹೇಗೆ

ಕೈಯಲ್ಲಿ ಎತ್ತಿ ನೋಡಿ "ಭಾರ ಇದೆ, ಒಳ್ಳೆಯ ಹಿತ್ತಾಳೆನೇ" ಎಂದು ಕೊಳ್ಳುವವರು ಜಾಸ್ತಿ. ದೀಪದ ಕಂಬದ ವಿಷಯದಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಟೊಳ್ಳು ಬುಡಕ್ಕೆ ಅರಗು, ಸಿಮೆಂಟು ಅಥವಾ ಸೀಸ ತುಂಬಿದರೂ ಭಾರ ಬರುತ್ತದೆ. ಹಾಗಾಗಿ ತೂಕದ ಜೊತೆಗೆ ಆ ತೂಕ ಎಷ್ಟು ಜಾಗದಲ್ಲಿ ಕೂತಿದೆ ಎಂದೂ ನೋಡಬೇಕು. ಮನೆಯಲ್ಲಿ ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಇದ್ದರೆ ಸಾಕು.

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣ ಇದೆ, ಮೇಲೆ ಬರೀ ಲೇಪ. ಅಂಟಲಿಲ್ಲ ಎಂದ ಮಾತ್ರಕ್ಕೆ ಹಿತ್ತಾಳೆ ಎನ್ನುವಂತಿಲ್ಲ. ಸತು, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ ನೋಡುವುದೂ ಇಲ್ಲಿ ಕೆಲಸಕ್ಕೆ ಬಾರದು, ಯಾಕೆಂದರೆ ತಾಮ್ರದ ಲೇಪವೂ ಹುಣಸೆಗೆ ತಾಮ್ರದಂತೆಯೇ ಹೊಳೆಯುತ್ತದೆ.

ಈಗ ತೂಕ. ತಿರುಪು ಇರುವ ಕಾಲುದೀಪ ಎಂದುಕೊಳ್ಳಿ. ಭಾಗಗಳನ್ನು ಬಿಚ್ಚಿ, ಒಣಗಿದ ಬುಡವನ್ನು ತೂಗಿ. 640 ಗ್ರಾಂ ಬಂತು ಅನ್ನಿ. ಅಗಲ ಪಾತ್ರೆಯಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಬುಡಕ್ಕೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ಕೈಯಲ್ಲೇ ಹಿಡಿದಿರಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಓರೆ ಮಾಡಿ ಗುಳ್ಳೆ ಹೊರಡಿಸಿ. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ 640ನ್ನು ಭಾಗಿಸಿ.

75 ತೋರಿಸಿದರೆ ಉತ್ತರ ಸುಮಾರು 8.5. ಅದು ಹಿತ್ತಾಳೆಯ ಲೆಕ್ಕ. ತಾಮ್ರವಾದರೆ 8.9ರ ಹತ್ತಿರ ಬರುತ್ತದೆ. 96 ತೋರಿಸಿದರೆ ಉತ್ತರ 6.7, ಸತುವಿನ ಎರಕಕ್ಕೆ ಹಳದಿ ಲೇಪ ಹಾಕಿದ್ದಾರೆ ಎಂದು ತಿಳಿಯಿರಿ. ಐದು, ಆರು ಬಂದರೆ ಒಳಗೆ ಹಗುರವಾದದ್ದೇನೋ ತುಂಬಿದ್ದಾರೆ, ಇಲ್ಲವೇ ಮುಚ್ಚಿದ ಟೊಳ್ಳಿದೆ. ಒಂಬತ್ತು ದಾಟಿದರೆ ಸೀಸದ ಮೇಲೆ ಅನುಮಾನಪಡಿ, ಅದರ ಲೆಕ್ಕ 11.3. ಉದ್ಧರಣೆಯಂಥ ಪುಟ್ಟ ಸಾಮಾನಿಗೆ ಈ ಪರೀಕ್ಷೆ ಬೇಡ. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಉತ್ತರ ದಿಕ್ಕು ತಪ್ಪುತ್ತದೆ.

ಸತುವಿನ ಜೊತೆ ಸೀಸ ಸೇರಿಸಿದರೆ ಭಾಗಾಕಾರ 8.5ಕ್ಕೇ ಬಂದು ನಿಲ್ಲಬಹುದು, ಅಲ್ವಾ? ಅದಕ್ಕೇ ನಾದವನ್ನೂ ಕೇಳಬೇಕು. ಬಿಚ್ಚಿದ ಭಾಗವನ್ನು ಒಂದೊಂದಾಗಿ ದಾರದಲ್ಲಿ ತೂಗುಬಿಟ್ಟು, ಅಂಚಿಗೆ ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಎರಕದ ಹಿತ್ತಾಳೆ ತಟ್ಟೆ ಸ್ಪಷ್ಟವಾಗಿ ದನಿ ಕೊಟ್ಟು ಸ್ವಲ್ಪ ಹೊತ್ತು ಎಳೆಯುತ್ತದೆ. ಒಳಗೆ ಏನಾದರೂ ತುಂಬಿದ್ದರೆ "ಠಪ್" ಎಂದು ಅಲ್ಲೇ ಸಾಯುತ್ತದೆ. "ಜರ್" ಎಂದು ಒಡಕು ದನಿ ಬಂದರೆ ಬಿರುಕು ಇದೆ, ಇಲ್ಲವೇ ಬೆಸುಗೆ ಬಿಟ್ಟಿದೆ.

ಆದರೆ ನಾದವೊಂದನ್ನೇ ನಂಬಬೇಡಿ. ಕಬ್ಬಿಣದ ತಗಡೂ ಚೆನ್ನಾಗಿಯೇ ಮೊಳಗುತ್ತದೆ. ಅಸಲಿ ಹಿತ್ತಾಳೆಯ ದಪ್ಪ ಗಿಡ್ಡ ಕಂಬ ಹೆಚ್ಚು ಮೊಳಗುವುದಿಲ್ಲ. ತಾಮ್ರ ಮೆತ್ತಗಿನ ಲೋಹ. ತಾಮ್ರದ ತಂಬಿಗೆ ಗಂಟೆಯಂತೆ ಮೊಳಗಲಿಲ್ಲ ಎಂದು ಸುಮ್ನೆ ವಾಪಸ್ ಇಡಬೇಡಿ. ಉದ್ದಕ್ಕೆ ನಾದ ಎಳೆಯುವುದು ಕಂಚು, ಅದರಲ್ಲಿ ತಾಮ್ರಕ್ಕೆ ತವರ ಬೆರೆತು ಲೋಹ ಗಡಸಾಗಿರುತ್ತದೆ.

ಇನ್ನು ಒಳಮೈ. ಹುಳಿ, ಮಜ್ಜಿಗೆ, ಟೊಮೆಟೊ ಬೇಯಿಸುವ ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಇರಲೇಬೇಕು. ಇಲ್ಲದಿದ್ದರೆ ಹುಳಿಗೆ ತಾಮ್ರ ಕರಗಿ ಅಡುಗೆಗೆ ಇಳಿಯುತ್ತದೆ. ಸರಿಯಾದ ಕಲಾಯಿ ಎಂದರೆ ತವರದ ಲೇಪ. ಅದು ಬೆಳ್ಳಗೆ ಮೆದುವಾಗಿ ಮಿಂಚುತ್ತದೆ, ಬಟ್ಟೆಯಿಂದ ಒರೆಸಿದ ಗೆರೆಗಳು ಸುತ್ತಲೂ ಕಾಣುತ್ತವೆ. ಮುಖ ಕಾಣುವಷ್ಟು ಕನ್ನಡಿಯ ಹೊಳಪಿದ್ದರೆ ಅದು ಕಲಾಯಿ ಇರಲಿಕ್ಕಿಲ್ಲ, ಬೇರೆ ಲೋಹದ ಲೇಪವಿರಬೇಕು.

ನಾನು ಹೆಚ್ಚು ಎಚ್ಚರಿಸುವುದು ಸೀಸದ ಬಗ್ಗೆ. ಅಗ್ಗವಾಗಲಿ ಎಂದು ತವರಕ್ಕೆ ಸೀಸ ಬೆರೆಸುತ್ತಾರೆ. ಒಳಮೈಗೆ ಬಿಳಿ ಕಾಗದ ಒತ್ತಿ ಎಳೆಯಿರಿ. ಪೆನ್ಸಿಲಿನಂಥ ಬೂದುಗಪ್ಪು ಗೆರೆ ಬಿದ್ದರೆ ಸೀಸದ ಗುರುತು, ಅದರಲ್ಲಿ ಅಡುಗೆ ಮಾಡಬೇಡಿ. ಗೆರೆ ಬೀಳದಿದ್ದರೂ ಅಲ್ಪಸ್ವಲ್ಪ ಸೀಸ ಇರಬಹುದು. ಅದನ್ನು ಪ್ರಯೋಗಾಲಯವೇ ಹೇಳಬೇಕು. ಅದಕ್ಕಿಂತ ಸುಲಭದ ದಾರಿ, ತವರದ ಕಡ್ಡಿಯನ್ನು ನಂಬಿಕೆಯ ಅಂಗಡಿಯಿಂದ ನೀವೇ ತಂದುಕೊಟ್ಟು, ಎದುರಿಗೆ ನಿಂತು ಕಲಾಯಿ ಹಾಕಿಸುವುದು. ಅವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಅದರಲ್ಲೇ ತವರ ಕರಗಿಸಿ ಹತ್ತಿಯಿಂದ ಒರೆಸುತ್ತಾರೆ.

ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬೇಡಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ತಳದಲ್ಲಿ ಕೆಂಪು ಅಥವಾ ಹಳದಿ ತೇಪೆ ಕಂಡರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಹುಳಿ ಪದಾರ್ಥ ಬೇಡ.