ಎರಡು ಕೆಲಸದ ಜಾಹೀರಾತು, ಎರಡು ಸ್ಕ್ರೀನ್‌ಶಾಟ್: ಗಂಟೆಯ ಲೆಕ್ಕದಲ್ಲಿ ತೂಗಿದ್ದು

ಎರಡು ಸ್ಕ್ರೀನ್‌ಶಾಟ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರದ ಸಂಬಳದ ಮೇಲೆ. ಒಂದರಲ್ಲಿ ‘ವರ್ಷಕ್ಕೆ 7,20,000’, ಇನ್ನೊಂದರಲ್ಲಿ ‘ತಿಂಗಳಿಗೆ 50,000ದಿಂದ 58,000’ ಎಂದಿತ್ತು. ಒಂದು ವರ್ಷದ್ದು, ಇನ್ನೊಂದು ತಿಂಗಳಿನದು. ಹೀಗಿರುವಾಗ ನೇರವಾಗಿ ಹೋಲಿಸಲು ಬರುವುದಿಲ್ಲ. ಅದಕ್ಕೇ ನಾನು ಚಿತ್ರ ನೋಡಿಕೊಂಡೇ ನಿರ್ಧರಿಸದೆ, ಎರಡನ್ನೂ ಒಂದು ಹಾಳೆಯ ಎರಡು ಕಾಲಂಗಳಿಗೆ ಕೈಯಾರೆ ಇಳಿಸುತ್ತೇನೆ. ಜಾಹೀರಾತಿನಲ್ಲಿ ಇಲ್ಲದ ವಿಷಯದ ಮುಂದೆ ಸೊನ್ನೆ ಹಾಕುವುದಿಲ್ಲ, ‘ಹೇಳಿಲ್ಲ’ ಎಂದು ಬರೆಯುತ್ತೇನೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣದ್ದು ಮಡಚಿದ್ದ ಭಾಗದಲ್ಲೋ ಮುಂದಿನ ಪರದೆಯಲ್ಲೋ ಇದ್ದಿರಬಹುದು. ಪೂರ್ತಿ ಪುಟದ ಚಿತ್ರ, ಲಿಂಕ್, ತೆಗೆದ ದಿನಾಂಕ ಮೂರೂ ಬೇಕು. ಜಾಹೀರಾತು ತಿದ್ದಿದರೆ ಅಥವಾ ತೆಗೆದುಹಾಕಿದರೆ ಆಮೇಲೆ ತಾಳೆ ನೋಡಲು ಉಳಿಯುವುದು ಅಷ್ಟೇ.

ಸಂಬಳದ ಸಾಲಿನಲ್ಲಿ ನಾನು ಪಾಲಿಸುವುದು ಎರಡೇ ನಿಯಮ. ‘ಇಷ್ಟರಿಂದ ಇಷ್ಟು’ ಎಂದಿದ್ದರೆ ಕೆಳಗಿನ ಅಂಕಿ ಹಿಡಿಯುತ್ತೇನೆ, ಮೇಲಿನದು ಮಾತುಕತೆಯಲ್ಲಿ ಸಿಕ್ಕರೆ ಸಿಕ್ಕಿತು. ಸಾಧನೆಗೆ ತಕ್ಕಂತೆ ಕೊಡುವ ವೇರಿಯಬಲ್ ಪೇ ಇದ್ದರೆ ಅದರ ಅರ್ಧ ಮಾತ್ರ ಸೇರಿಸುತ್ತೇನೆ. ಮೊದಲ ಕೆಲಸದ 7,20,000ದಲ್ಲಿ ಹತ್ತನೇ ಒಂದು ಭಾಗ ವೇರಿಯಬಲ್ ಎಂದು ಸಣ್ಣ ಅಕ್ಷರದಲ್ಲಿತ್ತು. ಅರ್ಧ ಬಿಟ್ಟರೆ 6,84,000 ಉಳಿಯಿತು. ಎರಡನೆಯದು ತಿಂಗಳಿಗೆ 50,000ದಂತೆ 6,00,000. ಎರಡೂ ತೆರಿಗೆಗೆ ಮುಂಚಿನ ಮೊತ್ತವೇ. ಒಂದು ಕೈಗೆ ಬರುವ ಸಂಬಳ, ಇನ್ನೊಂದು ಒಟ್ಟು ಸಂಬಳ ಆಗಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ದಂಡ.

ಸೌಲಭ್ಯಗಳನ್ನು ಹಣಕ್ಕೆ ತಿರುಗಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಅವರು ಕೊಡದಿದ್ದರೆ ನಾನು ದುಡ್ಡು ಕೊಟ್ಟು ಕೊಳ್ಳುತ್ತಿದ್ದೆನೇ? ಆರೋಗ್ಯ ವಿಮೆ ಕೊಳ್ಳಲೇಬೇಕು, ಹಾಗಾಗಿ ಅಷ್ಟೇ ರಕ್ಷಣೆಯ ಪಾಲಿಸಿಯ ವರ್ಷದ ಕಂತು 24,000 ಎಂದು ಹಾಕಿದೆ. ಆಟದ ಕೋಣೆ, ಉಚಿತ ಕಾಫಿಗೆ ಬೆಲೆ ಕಟ್ಟಲಿಲ್ಲ. ಸಂಬಳದ ಮೇಲೆ ನಿವೃತ್ತಿ ನಿಧಿಗೆ ಕಂಪನಿ ಹಾಕುವ ಶೇ. 5, ಅಂದರೆ 30,000, ಎರಡನೆಯದಕ್ಕೆ ಸೇರಿತು. ಇಲ್ಲೊಂದು ಎಚ್ಚರ ಬೇಕು. ಕಂಪನಿಯ ಪಾಲನ್ನು ಜಾಹೀರಾತಿನ ಮೊತ್ತದೊಳಗೇ ಸೇರಿಸಿ ತೋರಿಸಿದ್ದರೆ ಮತ್ತೆ ಕೂಡಿಸಬಾರದು. ಎರಡನೆಯದರ ಒಟ್ಟು 6,54,000 ಆಯಿತು. ಮೊದಲನೆಯದರಲ್ಲಿ ಎರಡರ ಮುಂದೆಯೂ ‘ಹೇಳಿಲ್ಲ’.

ಓಡಾಟವೇ ಇಡೀ ಹೋಲಿಕೆಯ ತಿರುಳು. ಮೊದಲು ವಿಳಾಸ ನೋಡಬೇಕು, ಏಕೆಂದರೆ ಜಾಹೀರಾತಿನಲ್ಲಿ ಮುಖ್ಯ ಕಚೇರಿಯ ಊರಿದ್ದು ಕೆಲಸ ಬೇರೆ ಕಟ್ಟಡದಲ್ಲಿರುವುದುಂಟು. ಆಮೇಲೆ ಮ್ಯಾಪ್‌ನಲ್ಲಿ ಕೆಲಸದ ದಿನವೊಂದನ್ನು ಆರಿಸಿ, ಬೆಳಿಗ್ಗೆ ಹೊರಡುವ ಮತ್ತು ಸಂಜೆ ಮರಳುವ ಹೊತ್ತನ್ನು ಬೇರೆ ಬೇರೆಯಾಗಿ ಹಾಕಿ ನೋಡುತ್ತೇನೆ. ರಜೆಯ ದಿನ ರಾತ್ರಿ ನೋಡಿದರೆ ಖಾಲಿ ರಸ್ತೆಯ ಸಮಯ ತೋರಿಸಿ ದಾರಿ ತಪ್ಪಿಸುತ್ತದೆ. ನಿಲ್ದಾಣದವರೆಗಿನ ನಡಿಗೆ, ಕಾಯುವುದು, ಗಾಡಿ ನಿಲ್ಲಿಸುವುದು ಎಲ್ಲ ಸೇರಿಸಿದಾಗ ಮೊದಲ ಕೆಲಸಕ್ಕೆ ಹೋಗಿಬರಲು 140 ನಿಮಿಷ, ವಾರಕ್ಕೆ ಐದು ದಿನ. ಎರಡನೆಯದಕ್ಕೆ 70 ನಿಮಿಷ, ವಾರಕ್ಕೆ ಮೂರೇ ದಿನ.

ರಜೆಗಳನ್ನು ಕಳೆದರೆ ಮೊದಲನೆಯದರಲ್ಲಿ ವರ್ಷಕ್ಕೆ 238 ದಿನ ಕೆಲಸ, ಅಷ್ಟೂ ದಿನ ಓಡಾಟ: ಸುಮಾರು 555 ಗಂಟೆ. ಎರಡನೆಯದರಲ್ಲಿ 230 ದಿನ ಕೆಲಸ, 138 ದಿನ ಓಡಾಟ: 161 ಗಂಟೆ. ದಿನದ ಓಡಾಟದ ಖರ್ಚು ಮೊದಲನೆಯದಕ್ಕೆ 200, ಎರಡನೆಯದಕ್ಕೆ 120. ಅದನ್ನು ಕಳೆದಾಗ ಉಳಿದದ್ದು 6,36,400 ಮತ್ತು 6,37,440. ಜಾಹೀರಾತಿನಲ್ಲಿ ಅಷ್ಟು ದೊಡ್ಡದಾಗಿ ಕಂಡ ಅಂತರ ಇಲ್ಲಿಗೆ ಕರಗಿಹೋಯಿತು. ಇನ್ನು ದಿನಕ್ಕೆ 9 ಗಂಟೆ ಕೆಲಸದ ಜೊತೆಗೆ ಓಡಾಟದ ಗಂಟೆಗಳನ್ನೂ ಕೂಡಿಸಿ ಭಾಗಿಸಿದರೆ ಮೊದಲನೆಯದು ಗಂಟೆಗೆ 236, ಎರಡನೆಯದು 286.

ಈ ಉತ್ತರ ಎಷ್ಟು ಗಟ್ಟಿ ಎಂದು ಅಲುಗಾಡಿಸಿ ನೋಡದೆ ನಾನು ಬಿಡುವುದಿಲ್ಲ. ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ನಾಳೆ ಕಿತ್ತುಕೊಂಡರೆ ಎರಡನೆಯದು ಗಂಟೆಗೆ 268ಕ್ಕೆ ಇಳಿಯುತ್ತದೆ. ಜೊತೆಗೆ ವಿಮೆ, ನಿಧಿ ಎರಡೂ ಸುಳ್ಳಾದರೆ 245. ಆಗಲೂ ಕೂದಲೆಳೆಯಷ್ಟು ಮುಂದೆಯೇ.

ಆದರೆ ಗಂಟೆಯ ಲೆಕ್ಕದಿಂದ ಸಾಲದ ಕಂತು ತೀರುವುದಿಲ್ಲ. ವಿಮೆಯೂ ನಿಧಿಯೂ ತಿಂಗಳ ಕೊನೆಯಲ್ಲಿ ಕೈಗೆ ಬರುವ ಹಣವಲ್ಲ. ಅವನ್ನು ಬಿಟ್ಟರೆ, ಅರ್ಧ ವೇರಿಯಬಲ್ ಸಿಕ್ಕೀತೆಂದು ಹಿಡಿದರೂ, ಓಡಾಟದ ಖರ್ಚು ಕಳೆದ ಮೇಲೆ ಮೊದಲ ಕೆಲಸ ತೆರಿಗೆಗೆ ಮುಂಚೆ ತಿಂಗಳಿಗೆ ಸುಮಾರು 4,400 ಹೆಚ್ಚು ಕೊಡುತ್ತದೆ. ಕಂತು, ಬಾಡಿಗೆ ಬಿಗಿಯಾಗಿರುವವರು ಮೊದಲನೆಯದನ್ನೇ ಆರಿಸಿದರೆ ಅದೂ ಸರಿಯೇ. ಹಾಗಿಲ್ಲದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಓಡಾಟದಲ್ಲಿ ವರ್ಷಕ್ಕೆ ಉಳಿಯುವ 394 ಗಂಟೆ ಸಣ್ಣದಲ್ಲ. ಒಪ್ಪಿಗೆ ಕೊಡುವ ಮುಂಚೆ ಎರಡು ವಿಷಯ ಆಫರ್ ಲೆಟರ್‌ನಲ್ಲಿ ಬರಹದಲ್ಲೇ ಇರಲಿ: ನಿಧಿಯ ಪಾಲು ಸಂಬಳದ ಒಳಗೋ ಮೇಲೋ, ಮತ್ತು ವಾರಕ್ಕೆ ಮೂರು ದಿನ ಎಂಬುದು ಲಿಖಿತ ನಿಯಮವೋ ಆ ತಂಡದ ಸದ್ಯದ ರೂಢಿಯೋ.