ಕ್ರೆಶೆಂಡೊ ಕಂಡ ಕೂಡಲೇ ದನಿ ಏರಿಸಬೇಡಿ

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಸಾಲುಗಳ ಮೇಲೆ ಮತ್ತು ಕೆಳಗೆ ಇಟಾಲಿಯನ್ ಪದಗಳು ಇರುತ್ತವೆ. ಸಾಮಾನ್ಯವಾಗಿ ಮೇಲಿರುವವು ವೇಗವನ್ನೂ ಕೆಳಗಿರುವವು ದನಿಯ ಪ್ರಮಾಣವನ್ನೂ ಹೇಳುತ್ತವೆ. ಬೆಂಗಳೂರಿನಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ತಯಾರಾಗುವ ಮಕ್ಕಳು ಈ ಪದಗಳ ಅರ್ಥವನ್ನು ಬಾಯಿಪಾಠ ಮಾಡಿರುತ್ತಾರೆ. ಕ್ರೆಶೆಂಡೊ ಎಂದರೇನು ಎಂದು ಕೇಳಿದರೆ ದನಿಯನ್ನು ಕ್ರಮೇಣ ಏರಿಸುವುದು ಎಂದು ತಡವರಿಸದೆ ಉತ್ತರಿಸುತ್ತಾರೆ. ಆದರೆ ನುಡಿಸುವಾಗ ಆ ಪದ ಕಣ್ಣಿಗೆ ಬಿದ್ದ ಕ್ಷಣವೇ ಬೆರಳು ಬಿರುಸಾಗುತ್ತದೆ, ಸ್ವರಲಿಪಿಯಲ್ಲಿ ಅಡ್ಡಗೆರೆಗಳ ನಡುವಿನ ಖಂಡಗಳಾದ ಬಾರ್‌ಗಳಲ್ಲಿ ಎರಡು ಕಳೆಯುವುದರೊಳಗೆ ಏರಿಸಬೇಕಾದ ದನಿಯೆಲ್ಲ ಖರ್ಚಾಗುತ್ತದೆ, ಉಳಿದ ಬಾರ್‌ಗಳಲ್ಲಿ ಏರುವುದಕ್ಕೆ ಏನೂ ಇರುವುದಿಲ್ಲ. ದೊಡ್ಡವರೂ ಇದೇ ತಪ್ಪು ಮಾಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ವೇಗದ ಪದಗಳನ್ನು ಬೇಗ ಮುಗಿಸಿ ಈ ಲೇಖನದ ಹೆಚ್ಚಿನ ಭಾಗವನ್ನು ಕ್ರೆಶೆಂಡೊಗೇ ಮೀಸಲಿಡುತ್ತೇನೆ.

ಮೊದಲ ಹಂತ ವೇಗವನ್ನು ಗೊತ್ತುಮಾಡಿಕೊಳ್ಳುವುದು. ಅಡಾಜಿಯೊ ನಿಧಾನ, ಆಂಡಾಂಟೆ ನಡಿಗೆಯ ವೇಗ, ಅಲ್ಲೆಗ್ರೊ ಲವಲವಿಕೆಯ ವೇಗ, ಪ್ರೆಸ್ಟೊ ಅದಕ್ಕಿಂತಲೂ ಚುರುಕು. ಕರ್ನಾಟಕ ಸಂಗೀತ ಕಲಿತು ಬಂದವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ನಮ್ಮಲ್ಲಿ ಎರಡನೆಯ ಕಾಲ ಎಂದರೆ ಒಂದನೆಯ ಕಾಲದ ಸರಿಯಾಗಿ ಎರಡರಷ್ಟು; ಇಟಾಲಿಯನ್ ಪದಗಳ ನಡುವೆ ಅಂಥ ಲೆಕ್ಕದ ಸಂಬಂಧವಿಲ್ಲ, ಅವು ಮುಖ್ಯವಾಗಿ ಚಲನೆಯ ಸ್ವಭಾವವನ್ನು ಸೂಚಿಸುತ್ತವೆ. ಅಂಗಡಿಗಳಲ್ಲಿ ಸಿಗುವ ಗೋಡೆಪಟಗಳಲ್ಲಿ ಪ್ರತಿ ಪದದ ಎದುರು ನಿಮಿಷಕ್ಕೆ ಇಂತಿಷ್ಟು ಬೀಟ್ ಎಂದು ಮುದ್ರಿಸಿರುತ್ತಾರೆ. ಆ ಪಟವನ್ನು ಕೊಳ್ಳಬೇಡಿ. ಬೀಟ್ ಎಂದು ಯಾವ ಸ್ವರವನ್ನು ಎಣಿಸಬೇಕು ಎಂಬುದನ್ನೇ ಅದು ಹೇಳುವುದಿಲ್ಲ. ಬೀಥೋವನ್ ತನ್ನ ಸಿಂಫನಿಗಳಿಗೆ 1817ರಲ್ಲಿ ಬೀಟ್ ಎಣಿಸುವ ಯಂತ್ರವಾದ ಮೆಟ್ರೊನೋಮ್‌ನ ಅಂಕಿಗಳನ್ನು ಪ್ರಕಟಿಸಿದ. ಅವನ ಏಳನೆಯ ಸಿಂಫನಿಯ ಎರಡನೆಯ ಭಾಗದ ಹೆಸರು ಅಲ್ಲೆಗ್ರೆಟ್ಟೊ, ಅಂದರೆ ಅಲ್ಲೆಗ್ರೊಗಿಂತ ಸ್ವಲ್ಪ ಕಡಿಮೆ. ಅದಕ್ಕೆ ಅವನು ಕೊಟ್ಟ ಅಂಕಿ ನಿಮಿಷಕ್ಕೆ 76 ಕಾಲುಸ್ವರ. ಗೋಡೆಪಟವನ್ನು ನಂಬಿ ನುಡಿಸಿದರೆ ಆ ಗಂಭೀರವಾದ ನಡೆ ಓಟವಾಗಿಬಿಡುತ್ತದೆ.

ಹಾಗಾದರೆ ವೇಗವನ್ನು ಆರಿಸುವುದು ಹೇಗೆ? ರಚನೆಯಲ್ಲಿ ಅತ್ಯಂತ ಸಣ್ಣ ಸ್ವರಗಳು ಒತ್ತಾಗಿರುವ ಬಾರ್ ಅನ್ನು ಹುಡುಕಿ, ಅದನ್ನು ಮೊದಲು ನುಡಿಸಿ. ಪಿಯಾನೊ ಕಲಿಯುವವರೆಲ್ಲ ಕೈಯಾಡಿಸುವ ಬೀಥೋವನ್‌ನ ‘ಫ್ಯೂರ್ ಎಲೀಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೇಲೆ ಪೊಕೊ ಮೋಟೊ, ಅಂದರೆ ಸ್ವಲ್ಪ ಚಲನೆಯಿಂದ ಎಂದಿದೆ. ಆರಂಭದ ಸಾಲು ಸುಲಭವಾದ್ದರಿಂದ ಎಲ್ಲರೂ ಅದನ್ನು ವೇಗವಾಗಿ ಹಿಡಿಯುತ್ತಾರೆ. ಮಧ್ಯದಲ್ಲಿ ಎಫ್ ಮೇಜರ್ ಭಾಗ ಬಂದು ಸ್ವರಗಳು ಇನ್ನೂ ಅರ್ಧದಷ್ಟು ಸಣ್ಣದಾದಾಗ ಬೆರಳು ಮುಗ್ಗರಿಸುತ್ತದೆ, ಆಗ ವೇಗ ಇಳಿಸಬೇಕಾಗುತ್ತದೆ. ಆ ಮಧ್ಯದ ಭಾಗ ಸ್ಪಷ್ಟವಾಗಿ ಕೇಳಿಸುವ ವೇಗ ಯಾವುದೋ ಅದೇ ಮೊದಲ ಸಾಲಿನ ವೇಗವೂ ಹೌದು.

ಎರಡನೆಯ ಹಂತ ವಾದ್ಯವನ್ನು ಪರೀಕ್ಷಿಸುವುದು. ಅಗ್ಗದ ಕೆಲವು ಕೀಬೋರ್ಡ್‌ಗಳಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ದನಿ ಬರುತ್ತದೆ. ಅಂಥ ವಾದ್ಯದಲ್ಲಿ ಮುಂದಿನ ಯಾವ ಅಭ್ಯಾಸವೂ ಸಾಧ್ಯವಿಲ್ಲ, ವಾಲ್ಯೂಮ್ ಗುಂಡಿಯನ್ನು ತಿರುಗಿಸುವುದು ಅದಕ್ಕೆ ಬದಲಿಯಲ್ಲ. ಹೊಸದನ್ನು ಕೊಳ್ಳುವವರು ಟಚ್ ರೆಸ್ಪಾನ್ಸ್ ಇದೆಯೇ ಎಂದು ಕೇಳಿ, ಅಂಗಡಿಯಲ್ಲೇ ನುಡಿಸಿ ನೋಡಿಯೇ ಕೊಳ್ಳಬೇಕು.

ಇನ್ನು ಕಷ್ಟದ ಹಂತಕ್ಕೆ ಬರೋಣ. ಸ್ವರಲಿಪಿಯಲ್ಲಿ ಕ್ರೆಶೆಂಡೊ ಎಂಬ ಪದವೋ ಅಗಲವಾಗುತ್ತ ಹೋಗುವ ಎರಡು ಗೆರೆಗಳೋ ಕಂಡಾಗ ಅದರ ಹಿಂದೆ ಮತ್ತು ಮುಂದೆ ಇರುವ ಗುರುತುಗಳನ್ನು ಮೊದಲು ಓದಬೇಕು. ಹಿಂದೆ ಪಿಯಾನೊ, ಅಂದರೆ ಮೆಲ್ಲಗೆ ಎಂದಿದ್ದು, ಮುಂದೆ ಫೋರ್ಟೆ, ಅಂದರೆ ಜೋರಾಗಿ ಎಂದಿದ್ದರೆ, ಕ್ರೆಶೆಂಡೊ ಎಂಬ ಪದ ನಿಂತಿರುವ ಸ್ಥಳದಲ್ಲಿ ದನಿ ಇನ್ನೂ ಪಿಯಾನೊ ಆಗಿಯೇ ಇರಬೇಕು. ಆ ಪದ ಹೇಳುವುದು ಏರಿಕೆ ಇಲ್ಲಿಂದ ಶುರು ಎಂದು ಮಾತ್ರ. ಅಷ್ಟೇ ಅಲ್ಲ, ಏರಿಕೆಯನ್ನು ಬಾರ್‌ಗಳಿಗೆ ಸಮನಾಗಿ ಹಂಚುವುದೂ ಸರಿಯಲ್ಲ. ಎಂಟು ಬಾರ್‌ಗಳ ಕ್ರೆಶೆಂಡೊ ಇದ್ದರೆ ಮೊದಲ ನಾಲ್ಕರಲ್ಲಿ ದನಿ ಏರಿತೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಮಾತ್ರ ಏರಲಿ, ಐದು ಮತ್ತು ಆರರಲ್ಲಿ ಅದು ಖಚಿತವಾಗಲಿ, ಹೆಚ್ಚಿನ ಪಾಲು ಕೊನೆಯ ಎರಡು ಬಾರ್‌ಗಳಿಗೆ ಉಳಿಯಲಿ. ಹೀಗೆ ಮಾಡಿದಾಗಲೇ ಕೇಳುವವರಿಗೆ ಏರಿಕೆ ಎಲ್ಲಿಯೂ ನಿಲ್ಲದೆ ಸಾಗಿದಂತೆ ಅನಿಸುತ್ತದೆ.

ಇದನ್ನು ಕೊನೆಯಿಂದ ಮೊದಲಿಗೆ ಅಭ್ಯಾಸ ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಕೊನೆಯ ಬಾರ್ ಮತ್ತು ಅದರ ನಂತರದ ಫೋರ್ಟೆಯನ್ನು ಮಾತ್ರ ನುಡಿಸಿ, ಆ ದನಿಯನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಬಳಿಕ ಮೊದಲ ಬಾರ್ ಅನ್ನು ಮಾತ್ರ, ಕ್ರೆಶೆಂಡೊ ಎಂಬ ಪದವೇ ಇಲ್ಲವೆಂಬಂತೆ, ಮೆಲ್ಲಗೆ ನುಡಿಸಿ. ಎರಡು ತುದಿಗಳೂ ಗಟ್ಟಿಯಾದ ಮೇಲೆ ನಡುವಿನ ಬಾರ್‌ಗಳನ್ನು ಕೊನೆಯಿಂದ ಒಂದೊಂದಾಗಿ ಸೇರಿಸುತ್ತ ಬನ್ನಿ. ಫೋನಿನಲ್ಲಿ ಮುದ್ರಿಸಿಕೊಂಡು ಮೂರನೆಯ ಬಾರ್‌ನಿಂದ ಕೇಳಿ: ಅಲ್ಲಿ ದನಿ ಈಗಾಗಲೇ ಫೋರ್ಟೆಯಂತೆ ಇದ್ದರೆ ಪುನಃ ಮೊದಲಿನಿಂದ ಮಾಡಬೇಕು.

ವಾದ್ಯಕ್ಕೆ ತಕ್ಕಂತೆ ಉಪಾಯವೂ ಬದಲಾಗುತ್ತದೆ. ಪಿಟೀಲಿನಲ್ಲಿ ಕಮಾನಿನ ಬಹುಪಾಲನ್ನು ಮೊದಲೇ ಎಳೆದುಬಿಟ್ಟರೆ ಕೊನೆಯಲ್ಲಿ ದನಿ ಕೊಡಲು ಕಮಾನೇ ಉಳಿಯುವುದಿಲ್ಲ, ಆದ್ದರಿಂದ ಆರಂಭದಲ್ಲಿ ಅದನ್ನು ಬಹಳ ಕಡಿಮೆ ಬಳಸಬೇಕು. ಹಾಡುವವರು ಉಸಿರಿನ ವಿಷಯದಲ್ಲಿ ಇದನ್ನೇ ಪಾಲಿಸಬೇಕು. ಪಿಯಾನೊದ ತೊಡಕು ಬೇರೆ: ಒಮ್ಮೆ ಹೊಡೆದ ಸ್ವರ ಅಲ್ಲಿಂದ ಕ್ಷೀಣಿಸುತ್ತಲೇ ಹೋಗುತ್ತದೆ, ಅದನ್ನು ಏರಿಸುವ ಮಾರ್ಗವಿಲ್ಲ. ಹೀಗಾಗಿ ಪಿಯಾನೊದ ಕ್ರೆಶೆಂಡೊ ಮೆಟ್ಟಿಲು ಹತ್ತಿದಂತೆ ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಏರುವಂಥದು, ಮೆಟ್ಟಿಲುಗಳು ಎತ್ತರವಾಗಿದ್ದರೆ ಅದು ಕಿವಿಗೆ ಸಿಕ್ಕಿಬೀಳುತ್ತದೆ. ಎಡಗೈಯನ್ನು ಬಲಗೈಗಿಂತ ತಡವಾಗಿ ಏರಿಸಿದರೆ ಮೇಲಿನ ರಾಗ ಮುಚ್ಚಿಹೋಗುವುದಿಲ್ಲ.

ಈ ಮಾತುಗಳನ್ನು ಕಿವಿಯಿಂದಲೇ ತಿಳಿಯಬೇಕೆಂದರೆ ಬೀಥೋವನ್‌ನ ಐದನೆಯ ಸಿಂಫನಿಯಲ್ಲಿ ಮೂರನೆಯ ಭಾಗ ಮುಗಿದು ನಾಲ್ಕನೆಯದಕ್ಕೆ ಸೇರುವ ಜಾಗವನ್ನು ಕೇಳಬೇಕು. ವಿಯೆನ್ನಾದಲ್ಲಿ 1808ರ ಡಿಸೆಂಬರ್ 22ರಂದು ಮೊದಲ ಬಾರಿ ನುಡಿಸಿದ ಈ ಕೃತಿಯಲ್ಲಿ ಆ ಎರಡು ಭಾಗಗಳ ನಡುವೆ ಬಿಡುವಿಲ್ಲ. ತಂತಿವಾದ್ಯಗಳು ಉದ್ದನೆಯ ಸ್ವರಗಳನ್ನು ಅತಿ ಮೆಲ್ಲಗೆ ಹಿಡಿದಿರುತ್ತವೆ, ಅವುಗಳ ಕೆಳಗೆ ಟಿಂಪನಿ ಎಂಬ ದೊಡ್ಡ ನಗಾರಿ ಒಂದೇ ಸ್ವರವನ್ನು ಮೃದುವಾಗಿ ತಟ್ಟುತ್ತಿರುತ್ತದೆ, ಮೊದಲ ಪಿಟೀಲುಗಳು ರಾಗದ ತುಣುಕೊಂದನ್ನು ಹಿಡಿದು ಮೇಲೇರಲು ತೊಡಗುತ್ತವೆ. ರಾಗ ಮೇಲೇರುತ್ತಿದ್ದರೂ ದನಿ ಏರಬಾರದು. ಪಿಯಾನಿಸ್ಸಿಮೊ, ಅಂದರೆ ಬಹಳ ಮೆಲ್ಲಗೆ, ಎಂಬ ಆಜ್ಞೆ ಕೊನೆಯವರೆಗೂ ತೆರವಾಗುವುದಿಲ್ಲ. ಸುಮಾರು ಐವತ್ತು ಬಾರ್‌ಗಳ ಈ ಸೇತುವೆಯಲ್ಲಿ ಕ್ರೆಶೆಂಡೊ ಎಂಬ ಪದ ಬರುವುದು ಕೊನೆಯ ಎಂಟರ ಹೊತ್ತಿಗೆ. ಅಷ್ಟರಲ್ಲೇ ಇಡೀ ವಾದ್ಯವೃಂದ ಫೋರ್ಟಿಸ್ಸಿಮೊಗೆ, ಅಂದರೆ ಬಹಳ ಜೋರಿಗೆ, ಏರಿ ನಾಲ್ಕನೆಯ ಭಾಗವನ್ನು ತೆರೆಯುತ್ತದೆ. ಆ ಭಾಗಕ್ಕೆಂದೇ ಕಾದಿರಿಸಿದ ಟ್ರಾಂಬೋನ್‌ಗಳು ಆಗ ಮೊದಲ ಬಾರಿ ದನಿಗೂಡಿಸುತ್ತವೆ. ಕೆಲವು ಧ್ವನಿಮುದ್ರಣಗಳಲ್ಲಿ ಪಿಟೀಲುಗಳು ಮೇಲೇರಿದ ಹಾಗೆಲ್ಲ ದನಿಯೂ ಜೊತೆಗೇ ಏರುವುದು ಕೇಳಿಸುತ್ತದೆ. ಹಾಗಾದಾಗ ಕೊನೆಯ ಎಂಟು ಬಾರ್‌ಗಳ ಬಲ ಅರ್ಧಕ್ಕರ್ಧ ಕರಗಿಹೋಗುತ್ತದೆ.

ಇದೇ ಜಾಗ ವೇಗದ ಬಗ್ಗೆಯೂ ಒಂದು ಪಾಠ ಹೇಳುತ್ತದೆ. ಮೂರನೆಯ ಭಾಗವೂ ಅಲ್ಲೆಗ್ರೊ, ನಾಲ್ಕನೆಯದೂ ಅಲ್ಲೆಗ್ರೊ. ಆದರೆ ಬೀಥೋವನ್ ಕೊಟ್ಟ ಅಂಕಿಗಳ ಪ್ರಕಾರ ಮೂರನೆಯದರಲ್ಲಿ ನಿಮಿಷಕ್ಕೆ 96 ಎಣಿಕೆಗಳಿದ್ದರೆ ನಾಲ್ಕನೆಯದರಲ್ಲಿ ಇರುವುದು 84. ಅಂದರೆ ಕ್ರೆಶೆಂಡೊದ ತುದಿಯಲ್ಲಿ ಎಣಿಕೆ ಸ್ವಲ್ಪ ವಿಸ್ತಾರವಾಗುತ್ತದೆ, ಚುರುಕಾಗುವುದಿಲ್ಲ. ದನಿ ಏರಿದಾಗ ವೇಗವೂ ಏರುವುದು ನಮ್ಮ ಕೈಗಳ ಸಹಜ ಗುಣ, ಅದನ್ನು ತಡೆಯಲು ಪ್ರಯತ್ನಪಡಬೇಕು. ವೇಗ ಏರಬೇಕಾದಲ್ಲಿ ಸಂಯೋಜಕರು ಅಚ್ಚೆಲೆರಾಂಡೊ ಎಂದೋ ಸ್ಟ್ರಿಂಜೆಂಡೊ ಎಂದೋ ಬೇರೆಯಾಗಿ ಬರೆಯುತ್ತಾರೆ. ಬರೆದಿರದಿದ್ದರೆ ಮೆಟ್ರೊನೋಮ್ ಇಟ್ಟುಕೊಂಡು ಕ್ರೆಶೆಂಡೊವನ್ನು ನುಡಿಸಿ, ಎಲ್ಲಿ ಅದಕ್ಕಿಂತ ಮುಂದೆ ಹೋದಿರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕೇಳುಗರು ಇದೇ ಪರೀಕ್ಷೆಯನ್ನು ರವೆಲ್‌ನ 1928ರ ‘ಬೊಲೆರೊ’ದ ಮೇಲೆ ಮಾಡಬಹುದು. ಸ್ನೇರ್ ಡ್ರಮ್ಮಿನ ಪಿಯಾನಿಸ್ಸಿಮೊದಿಂದ ಶುರುವಾಗಿ ಸುಮಾರು ಕಾಲು ಗಂಟೆ ದನಿ ಬೆಳೆಯುತ್ತಲೇ ಹೋಗುವ ಆ ಕೃತಿಯಲ್ಲಿ ವೇಗ ಬದಲಾಗಬಾರದು. ಮೊದಲ ನಿಮಿಷದಲ್ಲೂ ಕೊನೆಯ ನಿಮಿಷದಲ್ಲೂ ತೊಡೆಯ ಮೇಲೆ ತಾಳ ಹಾಕಿ ಎಣಿಸಿದರೆ ವಾದ್ಯವೃಂದ ಹಿಡಿತ ಬಿಟ್ಟಿದೆಯೇ ಎಂಬುದು ತಿಳಿಯುತ್ತದೆ.

ಕೊನೆಯದಾಗಿ, ಕ್ರೆಶೆಂಡೊದ ತುದಿಯಲ್ಲಿ ಫೋರ್ಟೆ ಇರಬೇಕಾದ ಜಾಗದಲ್ಲಿ ಪಿಯಾನೊ ಎಂದಿದ್ದರೆ ಅದು ಮುದ್ರಣದೋಷವೆಂದು ಭಾವಿಸಬೇಡಿ. ಬೀಥೋವನ್ ಇದನ್ನು ಬಹಳ ಇಷ್ಟಪಟ್ಟು ಬಳಸಿದ್ದಾನೆ. ಮುಂದೆ ಮೆಲ್ಲಗೆ ಆಗಬೇಕಲ್ಲ ಎಂದು ಹೆಚ್ಚಿನವರು ಒಂದು ಬೀಟ್ ಮೊದಲೇ ದನಿ ಇಳಿಸಲು ತೊಡಗುತ್ತಾರೆ, ಇದರಿಂದ ಕ್ರೆಶೆಂಡೊ ಬರಿಯ ಉಬ್ಬಾಗಿ ಮುಗಿಯುತ್ತದೆ. ಪಿಯಾನೊ ಎಂಬ ಗುರುತಿನ ಹಿಂದಿನ ಸ್ವರವೇ ಎಲ್ಲಕ್ಕಿಂತ ಜೋರಾಗಿರಬೇಕು. ಅದನ್ನು ಪೂರ್ತಿ ನುಡಿಸಿ, ಕೈಯನ್ನು ಕೀಲಿಗಳಿಂದ ಚೂರು ಎತ್ತಿ, ತೂಕ ಕಳೆದುಕೊಂಡ ಬೆರಳಿನಿಂದ ಮುಂದಿನ ಸ್ವರವನ್ನು ಮುಟ್ಟಿ. ಆರಂಭದಲ್ಲಿ ಇವೆರಡು ಸ್ವರಗಳ ನಡುವೆ ಅಗತ್ಯಕ್ಕಿಂತ ಹೆಚ್ಚು ಅಂತರ ಬಿಟ್ಟರೂ ಅಡ್ಡಿಯಿಲ್ಲ, ಕೈ ಪಳಗಿದ ಮೇಲೆ ಅದನ್ನು ಕಡಿಮೆ ಮಾಡುತ್ತ ಹೋಗಬಹುದು.